ಹಳೆಯ ವರದಿಗೆ ಗೆರೆ ಎಳೆಯುವುದು ಎಲ್ಲಿ?

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆಂದು ತಯಾರಾದ ಹಳೆಯ ಲೆಕ್ಕದ ವರದಿಗಳಲ್ಲಿ ಅಂಕಣಗಳ ನಡುವೆ ಅಲ್ಪವಿರಾಮವೂ ಇರುವುದಿಲ್ಲ, ಗೆರೆಯೂ ಇರುವುದಿಲ್ಲ. ಎಷ್ಟನೆಯ ಸ್ಥಾನದಿಂದ ಎಷ್ಟನೆಯ ಸ್ಥಾನದವರೆಗೆ ಯಾವ ವಿವರ ಎಂಬ ಎಣಿಕೆಯೇ ಅಲ್ಲಿ ಗಡಿ. ಅಂಥ ವರದಿಯನ್ನು ಎಕ್ಸೆಲ್‌ಗೆ ತರಬೇಕಾದರೆ ಮೊದಲು ಈ ಗಡಿಗಳನ್ನು ಗುರುತಿಸಬೇಕು. ಸಾಲದ ಖಾತೆಗಳ ಒಂದು ಮಾದರಿ ನೋಡಿ. ಖಾತೆ ಸಂಖ್ಯೆ, ಹೆಸರು, ಕಟ್ಟಿದ ಹಣ, ಬಾಕಿ ಎಂದು ನಾಲ್ಕು ವಿವರಗಳಿವೆ:

```
00412 RAMAPPA H         150.00-  1250.00
00413 SAVITRAMMA                   75.50
00417 K S NAGARAJ RAO 12800.00    640.00
```

ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿದರೆ ನಾಗರಾಜ ರಾವ್ ಹೆಸರು ನಾಲ್ಕು ತುಂಡಾಗುತ್ತದೆ. ಸಾವಿತ್ರಮ್ಮ ಏನೂ ಕಟ್ಟಿಲ್ಲ. ಆ ಜಾಗ ಖಾಲಿ. ಆಗ ಬಾಕಿಯ 75.50 ಎಡಕ್ಕೆ ಸರಿದು ಕಟ್ಟಿದ ಹಣವಾಗಿಬಿಡುತ್ತದೆ. ಆದ್ದರಿಂದ ಸ್ಥಾನ ಎಣಿಸಿಯೇ ಕತ್ತರಿಸಬೇಕು. ಎಣಿಸುವಾಗ ಎಲ್ಲ ಅಕ್ಷರಗಳೂ ಸಮ ಅಗಲದಲ್ಲಿ ಕಾಣುವ ಕೊರಿಯರ್ ನ್ಯೂನಂಥ ಫಾಂಟ್ ಇರಲಿ. ಇಲ್ಲಿ 6ನೆಯ ಸ್ಥಾನದವರೆಗೆ ಸಂಖ್ಯೆ ಮತ್ತು ಒಂದು ಖಾಲಿ ಜಾಗ, 21ರವರೆಗೆ ಹೆಸರು, 31ರವರೆಗೆ ಕಟ್ಟಿದ ಹಣ, ಉಳಿದದ್ದು ಬಾಕಿ.

31 ಏಕೆ, 30 ಏಕಲ್ಲ? ನಾಗರಾಜ ರಾವ್ ಸಾಲು ನೋಡಿದರೆ ಅಂಕಿ 30ಕ್ಕೇ ಮುಗಿಯುತ್ತದೆ. ಆದರೆ ರಾಮಪ್ಪನ ಸಾಲಿನಲ್ಲಿ 31ನೆಯ ಸ್ಥಾನದಲ್ಲೊಂದು ಮೈನಸ್ ಇದೆ. ಹಳೆಯ ವರದಿಗಳಲ್ಲಿ ಋಣ ಚಿಹ್ನೆ ಹೀಗೆ ಅಂಕಿಯ ಹಿಂದೆ ಬರುವುದುಂಟು. 30ಕ್ಕೆ ಕತ್ತರಿಸಿದರೆ ಅದು ಜಾರಿ, ಬಾಕಿಯ 1250ರ ಮುಂದೆ ಹೋಗಿ ಕೂರುತ್ತದೆ. ಒಂದೇ ಸ್ಥಾನ ತಪ್ಪಿದ್ದಕ್ಕೆ ಎರಡು ಮೊತ್ತ ಕೆಡುತ್ತವೆ. ಹಾಗಾಗಿ ಮೊದಲ ಸಾಲು ನೋಡಿ ಗಡಿ ತೀರ್ಮಾನಿಸದೆ, ಅತಿ ಉದ್ದದ ಹೆಸರು, ಅತಿ ದೊಡ್ಡ ಮೊತ್ತ, ಋಣ ಮೊತ್ತ ಇರುವ ಸಾಲುಗಳನ್ನು ಹುಡುಕಿ ನೋಡಬೇಕು.

ಎಕ್ಸೆಲ್‌ನಲ್ಲಿ `Text to Columns` ತೆರೆದು `Fixed width` ಆರಿಸಿ, 6, 21, 31ರಲ್ಲಿ ಗೆರೆ ಹಾಕಿ. ಮುಂದಿನ ಹಂತದಲ್ಲಿ ಖಾತೆ ಸಂಖ್ಯೆಯ ಅಂಕಣಕ್ಕೆ `Text` ಎಂದು ಗುರುತಿಸದಿದ್ದರೆ 00412 ಎಂಬುದು ಬರೀ 412 ಆಗುತ್ತದೆ. ಹಿಂದಿರುವ ಮೈನಸ್ ಅನ್ನು ಸರಿಯಾಗಿ ಓದಿಸುವ ಆಯ್ಕೆ `Advanced` ಒಳಗಿದೆ. ಆಮೇಲೆ `CSV` ಆಗಿ ಉಳಿಸಿದರೆ ಅಂಕಣಗಳ ನಡುವೆ ಅಲ್ಪವಿರಾಮ ಬೀಳುತ್ತದೆ. ಪ್ರತಿ ಪುಟದಲ್ಲೂ ಮರುಕಳಿಸುವ ತಲೆಬರಹಗಳನ್ನು ಮೊದಲೇ ತೆಗೆದಿರಬೇಕು.

ಕನ್ನಡದ ವರದಿಯಾದರೆ ಇನ್ನೊಂದು ತೊಡಕು. ಕಣ್ಣಿಗೆ ಒಂದೇ ಅಕ್ಷರವಾದ ‘ಕ್ಷ’ ಯೂನಿಕೋಡ್‌ನಲ್ಲಿ ಮೂರು ಸಂಕೇತ, ಯುಟಿಎಫ್-8ರಲ್ಲಿ ಒಂಬತ್ತು ಬೈಟ್. ವರದಿ ಬರೆದ ತಂತ್ರಾಂಶ ಯಾವುದನ್ನು ಎಣಿಸಿತ್ತೋ ಅದನ್ನೇ ನಾವೂ ಎಣಿಸಬೇಕು. ಇಲ್ಲವಾದರೆ ಗುಣಿತಾಕ್ಷರದ ನಡುವೆಯೇ ಗೆರೆ ಬೀಳುತ್ತದೆ.

ಕೊನೆಯ ಪರೀಕ್ಷೆ ಮೊತ್ತದ್ದು. ಇಲ್ಲಿ ಕಟ್ಟಿದ ಹಣದ ಮೊತ್ತ 12650 ಬರಬೇಕು. 12950 ಬಂದರೆ 300ರ ವ್ಯತ್ಯಾಸ, ಅಂದರೆ ಕಳೆದುಹೋದ ಋಣ ಮೊತ್ತದ ಎರಡರಷ್ಟು. ವರದಿಯ ಕೊನೆಯಲ್ಲಿ ಅಚ್ಚಾಗಿರುವ ಒಟ್ಟು ಮೊತ್ತಕ್ಕೆ ನಿಮ್ಮ ಮೊತ್ತ ಪೈಸೆ ಸಮೇತ ತಾಳೆಯಾಗುವವರೆಗೆ ಮೂಲ ಕಡತವನ್ನು ಅಳಿಸಬೇಡಿ.