ಎಂಟನೆಯ ಸರ್ವರ್, ಮೂರು ಕುರ್ಚಿ

ಅಕ್ಕನ ಮಗ ಈ ವರ್ಷ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸುತ್ತಿದ್ದಾನೆ. ಯುಗಾದಿಗೆ ಮನೆಗೆ ಬಂದವನು ಊಟ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ಮೂರು ಹುದ್ದೆಗಳ ಹೆಸರು ತೋರಿಸಿದ. ಕ್ವಾಂಟ್ ಡೆವಲಪರ್, ಡಿಸ್ಕ್ರೀಷನರಿ ಟ್ರೇಡರ್, ರಿಸ್ಕ್ ಅನಲಿಸ್ಟ್. “ಮಾವ, ಮೂರೂ ಷೇರುಪೇಟೆ ಕೆಲಸಾನೇ ಅಲ್ವಾ? ಯಾವುದಕ್ಕೆ ಸಂಬಳ ಜಾಸ್ತಿ?” ಎಂದು ಕೇಳಿದ.

ನಾನು ಬೆಂಗಳೂರಿನ ವಿದೇಶಿ ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಸಂಬಳದ ಮಾತು ಆಮೇಲಾಗಲಿ ಎಂದು ಅವನಿಗೆ ಅಮೆರಿಕದ ಒಂದು ಬೆಳಗಿನ ಕತೆ ಹೇಳಿದೆ. ಈ ಮೂರು ಕೆಲಸಗಳ ವ್ಯತ್ಯಾಸ ಆ ಒಂದು ಬೆಳಗಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿದ್ದಿಲ್ಲ.

ಅದು 2012ರ ಆಗಸ್ಟ್ 1. ನೈಟ್ ಕ್ಯಾಪಿಟಲ್ ಅಂದರೆ ಆಗ ಅಮೆರಿಕದ ಷೇರು ವಹಿವಾಟಿನಲ್ಲಿ ದೊಡ್ಡ ಹೆಸರು. ನ್ಯೂಯಾರ್ಕ್ ಷೇರುಪೇಟೆ ಅಂದು ಒಂದು ಹೊಸ ಯೋಜನೆ ಶುರುಮಾಡುವುದಿತ್ತು. ಅದಕ್ಕೆ ಹೊಂದುವಂತೆ ಕಂಪನಿಯ ಡೆವಲಪರ್‌ಗಳು ತಮ್ಮ ಪ್ರೋಗ್ರಾಮನ್ನು ಬದಲಿಸಿದ್ದರು. ಒಟ್ಟು ಎಂಟು ಸರ್ವರ್‌ಗಳು. ಹೊಸ ಕೋಡ್ ಏಳಕ್ಕೆ ಹೋಯಿತು, ಎಂಟನೆಯದು ಬಿಟ್ಟುಹೋಯಿತು. ಹಾಕಿದವರ ಕೆಲಸವನ್ನು ಇನ್ನೊಬ್ಬರು ನೋಡಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ, ಹಾಗಾಗಿ ಯಾರೂ ನೋಡಲಿಲ್ಲ.

ಆ ಎಂಟನೆಯ ಸರ್ವರ್‌ನಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಕೂತಿತ್ತು. 2003ರಿಂದ ಅದನ್ನು ಯಾರೂ ಬಳಸುತ್ತಿರಲಿಲ್ಲ, ಆದರೆ ಅಳಿಸಿರಲೂ ಇಲ್ಲ. ಗ್ರಾಹಕರ ಆರ್ಡರ್ ಎಷ್ಟು ಪೂರೈಕೆಯಾಯಿತು ಎಂದು ಎಣಿಸಿ ‘ಸಾಕು, ನಿಲ್ಲಿಸು’ ಎನ್ನುವ ಭಾಗವನ್ನು 2005ರಲ್ಲಿ ಬೇರೆ ಕಡೆಗೆ ಸರಿಸಿದ್ದರು. ಅಂದರೆ ಹಳೆಯ ಕೋಡಿಗೆ ಎಲ್ಲಿ ನಿಲ್ಲಬೇಕೆಂಬುದೇ ಗೊತ್ತಿರಲಿಲ್ಲ. ಇಷ್ಟಾದರೂ ಅದು ಮಲಗಿಯೇ ಇರುತ್ತಿತ್ತು. ಆದರೆ ಅದನ್ನು ಎಬ್ಬಿಸುತ್ತಿದ್ದ ಹಳೆಯ ಫ್ಲ್ಯಾಗನ್ನೇ ಡೆವಲಪರ್‌ಗಳು ಹೊಸ ಕೆಲಸಕ್ಕೂ ಬಳಸಿಬಿಟ್ಟರು.

ಬೆಳಿಗ್ಗೆ 9.30ಕ್ಕೆ ಪೇಟೆ ತೆರೆಯಿತು. ಗ್ರಾಹಕರಿಂದ ಬಂದ 212 ಆರ್ಡರ್‌ಗಳು ಆ ಸರ್ವರ್‌ಗೆ ಸಿಕ್ಕಿದವು. ಅಷ್ಟನ್ನು ಪೂರೈಸಲು ಹೋಗಿ ಅದು ಮುಕ್ಕಾಲು ಗಂಟೆಯಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರ ಮಾಡಿಹಾಕಿತು. ಕೈಬದಲಾದ ಷೇರುಗಳು 39 ಕೋಟಿಗೂ ಮೇಲೆ. ಕಂಪನಿಗೆ ಬೇಡದ ಸುಮಾರು 350 ಕೋಟಿ ಡಾಲರ್ ಖರೀದಿ, 315 ಕೋಟಿ ಡಾಲರ್ ಮಾರಾಟ ಅದರ ಲೆಕ್ಕಕ್ಕೆ ಬಿದ್ದವು. ಎಲ್ಲವನ್ನೂ ಬಿಡಿಸಿಕೊಳ್ಳುವ ಹೊತ್ತಿಗೆ ನಷ್ಟ 46 ಕೋಟಿ ಡಾಲರ್ ದಾಟಿತ್ತು.

ಕ್ವಾಂಟ್ ಡೆವಲಪರ್ ಕುರ್ಚಿ ಇರುವುದು ಇಲ್ಲಿ. ಹೆಸರು ಕೇಳಿ ಅನೇಕ ಹುಡುಗರು ಇದು ಷೇರಿನ ಬೆಲೆ ಊಹಿಸುವ ಸೂತ್ರ ಕಂಡುಹಿಡಿಯುವ ಕೆಲಸ ಅಂದುಕೊಳ್ಳುತ್ತಾರೆ. ಅದನ್ನು ಹೆಚ್ಚಾಗಿ ಕ್ವಾಂಟ್ ರಿಸರ್ಚರ್ ಮಾಡುತ್ತಾನೆ. ಡೆವಲಪರ್‌ನದು ಆ ಸೂತ್ರ ಓಡುವ ರಸ್ತೆ ಕಟ್ಟುವ ಕೆಲಸ. ವಿನಿಮಯ ಕೇಂದ್ರದಿಂದ ಬರುವ ಬೆಲೆಗಳನ್ನು ಓದುವುದು, ಆರ್ಡರ್ ಕಳಿಸುವುದು, ಹಳೆಯ ದತ್ತಾಂಶದ ಮೇಲೆ ಸೂತ್ರವನ್ನು ಓಡಿಸಿ ನೋಡುವ ಬ್ಯಾಕ್‌ಟೆಸ್ಟ್ ವ್ಯವಸ್ಥೆ ಕಟ್ಟುವುದು, ಮೈಕ್ರೋಸೆಕೆಂಡ್ ಉಳಿಸುವುದು. ಸಿ ಪ್ಲಸ್ ಪ್ಲಸ್, ಪೈಥಾನ್, ಲಿನಕ್ಸ್, ನೆಟ್‌ವರ್ಕ್, ಇವು ನಿತ್ಯದ ಅನ್ನ. ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ವಿಷಯವನ್ನು ಅಂಕಕ್ಕಾಗಿಯಲ್ಲದೆ ಕುತೂಹಲದಿಂದ ಓದಿದವನಿಗೆ ಇದು ಹೇಳಿಮಾಡಿಸಿದ ಜಾಗ. ಇಲ್ಲಿ ತಪ್ಪು ಕ್ಷಣದಲ್ಲಿ ಗೊತ್ತಾಗುತ್ತದೆ. ಆದರೆ ಅದು ಗೊತ್ತಾಗುವ ಕ್ಷಣದೊಳಗೇ ಸಾವಿರ ಪಟ್ಟು ಬೆಳೆದಿರುತ್ತದೆ. ನೈಟ್‌ನಲ್ಲಿ ಗಾಬರಿಬಿದ್ದ ತಂಡ ಏನು ಮಾಡಿತು ಗೊತ್ತೇ? ತೊಂದರೆ ಹೊಸ ಕೋಡಿನದ್ದೇ ಇರಬೇಕೆಂದು ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಅದನ್ನು ತೆಗೆದುಹಾಕಿತು. ಅಲ್ಲೂ ಪವರ್ ಪೆಗ್ ಎದ್ದು ಕೂತಿತು. ಕೋಡ್ ಬರೆಯುವ ಜಾಣತನ ಬಹಳ ಹುಡುಗರಲ್ಲಿ ಇರುತ್ತದೆ. ಕೋಡ್ ಹಾಕಿದ ಮೇಲೆ ಎಂಟೂ ಸರ್ವರ್‌ಗಳಿಗೆ ಹೋಗಿ ನೋಡಿಬರುವ ಸ್ವಭಾವ ಕೆಲವರಲ್ಲಿ ಮಾತ್ರ ಇರುತ್ತದೆ. ಈ ಕುರ್ಚಿ ಕೇಳುವುದು ಆ ಸ್ವಭಾವವನ್ನು.

ಡಿಸ್ಕ್ರೀಷನರಿ ಟ್ರೇಡರ್ ಅಂದರೆ ಸೂತ್ರಕ್ಕೆ ಒಪ್ಪಿಸದೆ ತನ್ನ ವಿವೇಚನೆಯಿಂದ ಕೊಳ್ಳುವ, ಮಾರುವ ವ್ಯಕ್ತಿ. ಸಾಮಾನ್ಯ ದಿನದಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸೀತೇ, ಕಚ್ಚಾ ತೈಲ ಏರೀತೇ ಎಂದು ಅಂದಾಜಿಸಿ ಹಣ ಹೂಡುತ್ತಾನೆ. ಬೇಡದ ನೂರಾರು ಕೋಟಿಯ ಷೇರು ಕೈಯಲ್ಲಿ ಕೂತಾಗ ಈಗಲೇ ಮಾರೋಣವೇ, ಸ್ವಲ್ಪಸ್ವಲ್ಪವೇ ಬಿಡೋಣವೇ ಎಂಬ ಪ್ರಶ್ನೆಗೂ ಮನುಷ್ಯನ ವಿವೇಚನೆಯೇ ಬೇಕು.

ಈ ಕೆಲಸದ ಕಷ್ಟ ಇರುವುದು ಬೇರೆ ಕಡೆ. ತಾನು ಸರಿಯೋ ತಪ್ಪೋ ಎಂಬುದು ಟ್ರೇಡರ್‌ಗೆ ಬಹುಕಾಲ ಗೊತ್ತೇ ಆಗುವುದಿಲ್ಲ. ನಮ್ಮ ಹುಡುಗನಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಒಬ್ಬ ಟ್ರೇಡರ್‌ನಲ್ಲಿ ನಿಜವಾದ ಕೌಶಲವಿದೆ, ವರ್ಷಕ್ಕೆ ಸರಾಸರಿ ಶೇ 10 ಲಾಭ, ಆದರೆ ವರ್ಷದಿಂದ ವರ್ಷಕ್ಕೆ ಏರಿಳಿತ ಶೇ 20 ಎಂದಿಟ್ಟುಕೊಳ್ಳೋಣ. ಹಲವು ವರ್ಷಗಳ ಸರಾಸರಿ ತೆಗೆದಾಗ ಅದೃಷ್ಟದ ಪಾಲು ವರ್ಷಗಳ ಸಂಖ್ಯೆಯ ವರ್ಗಮೂಲದಂತೆ ಇಳಿಯುತ್ತದೆ. ನಾಲ್ಕು ವರ್ಷಕ್ಕೆ ಅದು 20 ಭಾಗಿಸು 2, ಅಂದರೆ ಶೇ 10. ಲಾಭವೂ ಅಷ್ಟೇ, ಅದೃಷ್ಟದ ಪಾಲೂ ಅಷ್ಟೇ, ಏನೂ ಹೇಳುವಂತಿಲ್ಲ. ಲಾಭ ಅದೃಷ್ಟದ ಪಾಲಿನ ಎರಡರಷ್ಟಾದರೆ ಮಾತ್ರ ನಂಬಬಹುದು ಎಂಬುದು ಸಂಖ್ಯಾಶಾಸ್ತ್ರದ ರೂಢಿ. ಅದಕ್ಕೆ ವರ್ಗಮೂಲ 4 ಆಗಬೇಕು, ಅಂದರೆ 16 ವರ್ಷ ಬೇಕು. ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿದವನಿಗೆ ತಾನು ಯೋಗ್ಯನೆಂದು ಖಚಿತವಾಗುವುದು ಮೂವತ್ತೆಂಟಕ್ಕೆ! ದಿನಕ್ಕೆ ಹತ್ತಾರು ಸ್ವತಂತ್ರ ವಹಿವಾಟು ಮಾಡುವವನಿಗೆ ಉತ್ತರ ಬೇಗ ಸಿಗುತ್ತದೆ ನಿಜ, ಆದರೆ ಆ ವೇಗದಲ್ಲಿ ಅವನೆದುರು ಕೂತಿರುವುದು ಮೊದಲ ಕುರ್ಚಿಯವರು ಕಟ್ಟಿದ ಯಂತ್ರಗಳು.

ಆರು ತಿಂಗಳು ಲಾಭ ಬಂತೆಂದು ಓದು ಬಿಟ್ಟು ಮೊಬೈಲಿನಲ್ಲೇ ಆಪ್ಷನ್ಸ್ ವಹಿವಾಟಿಗೆ ಇಳಿದ ಎಂಜಿನಿಯರಿಂಗ್ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ. ಸಂಸ್ಥೆಯ ಹಣದಲ್ಲಿ, ಹಿರಿಯರ ಪಕ್ಕದಲ್ಲಿ ಕೂತು, ‘ಇಷ್ಟು ನಷ್ಟವಾದರೆ ಇಂದಿಗೆ ನಿಲ್ಲಿಸು’ ಎಂಬ ಕಟ್ಟುಪಾಡಿನೊಳಗೆ ಕಲಿಯುವುದು ಒಂದು ವೃತ್ತಿ. ಅಪ್ಪನ ಎಫ್‌ಡಿ ಮುರಿದು ಆಡುವುದು ಅದರ ಹೆಸರಿಗೂ ಬಾರದು.

ಮೂರನೆಯ ಕುರ್ಚಿ ನನ್ನದು. ಮತ್ತೆ ನೈಟ್‌ನ ಬೆಳಗಿಗೆ ಹೋಗೋಣ. ಪೇಟೆ ತೆರೆಯುವ ಮೊದಲೇ, ಎಂಟು ಗಂಟೆಯ ಸುಮಾರಿಗೆ, ಕಂಪನಿಯ ವ್ಯವಸ್ಥೆ ತಾನಾಗಿ ಇಮೇಲ್ ಕಳಿಸಲು ಶುರುಮಾಡಿತ್ತು. ‘ಪವರ್ ಪೆಗ್ ನಿಷ್ಕ್ರಿಯ’ ಎಂಬ ದೋಷದ ಉಲ್ಲೇಖವಿದ್ದ ಅಂಥ 97 ಇಮೇಲ್‌ಗಳು ಸಿಬ್ಬಂದಿಗೆ ಹೋಗಿದ್ದವು. ಎಚ್ಚರಿಕೆಯ ಗಂಟೆಯೆಂದು ಅವುಗಳನ್ನು ರೂಪಿಸಿರಲಿಲ್ಲವಾದ್ದರಿಂದ ಯಾರೂ ಗಮನಿಸಲಿಲ್ಲ. ಇನ್ನೊಂದು ಇನ್ನೂ ನೋವಿನದು. ಆ ಷೇರುಗಳೆಲ್ಲ ಬಂದು ಬಿದ್ದ ಖಾತೆಗೆ 20 ಲಕ್ಷ ಡಾಲರಿನ ಮಿತಿ ಇತ್ತು. ಮಿತಿ ಕಾಗದದಲ್ಲಿತ್ತು, ಆದರೆ ಆರ್ಡರ್ ತಡೆಯುವ ಯಂತ್ರಕ್ಕೆ ಅದನ್ನು ಜೋಡಿಸಿರಲಿಲ್ಲ. ಮರುವರ್ಷ ಅಮೆರಿಕದ ನಿಯಂತ್ರಕ ಸಂಸ್ಥೆ 1.2 ಕೋಟಿ ಡಾಲರ್ ದಂಡ ಹಾಕಿದ್ದು ಕೋಡಿನ ತಪ್ಪಿಗಲ್ಲ, ಇಂಥ ಕಾವಲು ಇಲ್ಲದಿದ್ದುದಕ್ಕೆ.

ರಿಸ್ಕ್ ಅನಲಿಸ್ಟ್ ದಿನವಿಡೀ ಮಾಡುವುದು ಆ ಕಾವಲನ್ನೇ. ಬ್ಯಾಂಕಿನಲ್ಲಿ ಅದರ ಮುಖ್ಯ ಅಳತೆಗೋಲು ‘ವ್ಯಾಲ್ಯೂ ಅಟ್ ರಿಸ್ಕ್’, ನಾವು ಆಡುಮಾತಿನಲ್ಲಿ ವಾರ್ ಅನ್ನುತ್ತೇವೆ. ನೂರು ಕೋಟಿ ರೂಪಾಯಿ ಹೂಡಿಕೆಯ ದಿನದ ಏರಿಳಿತ ಶೇ 1 ಎನ್ನಿ. ಸರಳ ಲೆಕ್ಕದಲ್ಲಿ ಅದರ 2.33 ಪಟ್ಟು, ಅಂದರೆ 2.33 ಕೋಟಿ. ನೂರು ದಿನದಲ್ಲಿ ತೊಂಬತ್ತೊಂಬತ್ತು ದಿನ ನಷ್ಟ ಇದನ್ನು ಮೀರಬಾರದು. ವರ್ಷದ 250 ವಹಿವಾಟು ದಿನಗಳಲ್ಲಿ ಎರಡು ಮೂರು ಸಲ ಮೀರಿದರೆ ಲೆಕ್ಕ ಸರಿಯಿದೆ ಎಂದರ್ಥ. ಬಾಸೆಲ್ ನಿಯಮದಂತೆ ನಾಲ್ಕರವರೆಗೆ ಹಸಿರು, ಹತ್ತಾದರೆ ಕೆಂಪು. ಒಂದು ಸಲವೂ ಮೀರದೆ ವರ್ಷಗಟ್ಟಲೆ ಕಳೆದರೂ ಒಳ್ಳೆಯದಲ್ಲ, ಅಳತೆಗೋಲೇ ಉದ್ದವಾಗಿದೆ ಅಂತ ಅರ್ಥ. ಇನ್ನು ನೂರನೆಯ ಆ ಒಂದು ದಿನ ನಷ್ಟ ಮೂರು ಕೋಟಿಯೋ ಮೂವತ್ತು ಕೋಟಿಯೋ ಎಂದು ವಾರ್ ಹೇಳುವುದೇ ಇಲ್ಲ. ಅದಕ್ಕೇ ‘2008ರಂಥ ದಿನ ಮತ್ತೆ ಬಂದರೆ’ ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತೇವೆ.

ಈ ಕುರ್ಚಿಯಲ್ಲಿ ತಪ್ಪು ಸದ್ದಿಲ್ಲದೆ ಬೆಳೆಯುತ್ತದೆ. ಅದೇ 2012ರಲ್ಲಿ ಜೆಪಿ ಮಾರ್ಗನ್‌ನ ಲಂಡನ್ ಕಚೇರಿಯ ವಹಿವಾಟಿನಿಂದ 600 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಅಲ್ಲಿ ವಾರ್ ಲೆಕ್ಕ ಓಡುತ್ತಿದ್ದುದು ಎಕ್ಸೆಲ್ ಹಾಳೆಗಳಲ್ಲಿ, ಅಂಕಿಗಳನ್ನು ಕೈಯಿಂದ ಒಂದರಿಂದ ಇನ್ನೊಂದಕ್ಕೆ ಅಂಟಿಸುತ್ತಿದ್ದರು. ಒಂದು ಸೂತ್ರದಲ್ಲಿ ಹಳೆಯ ದರ, ಹೊಸ ದರಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯಿಂದ ಭಾಗಿಸಬೇಕಿತ್ತು, ಮೊತ್ತದಿಂದ ಭಾಗಿಸಿತ್ತು. 100 ಇದ್ದದ್ದು 110 ಆಯಿತೆನ್ನಿ. ವ್ಯತ್ಯಾಸ 10, ಸರಾಸರಿ 105, ಬದಲಾವಣೆ ಶೇ 9.5. ಮೊತ್ತ 210ರಿಂದ ಭಾಗಿಸಿದರೆ ಬರುವುದು ಶೇ 4.8. ಅಪಾಯ ಅರ್ಧವಾಗಿ ಕಂಡಿತು. ನಷ್ಟಕ್ಕೆ ಇದೊಂದೇ ಕಾರಣವಲ್ಲ, ಆದರೆ ನೋಡಬೇಕಾದವರ ಕಣ್ಣಿಗೆ ಮಂಜು ಕವಿಸಿದ್ದು ಇಂಥ ತಪ್ಪುಗಳೇ. ಎರಡನೆಯ ಪಿಯುಸಿಯವನೂ ಹಿಡಿಯಬಹುದಾದ ತಪ್ಪು ಅದು, ಹಿಡಿಯಲು ಕೂತವನಿಗೆ ಮಾತ್ರ ಅಷ್ಟು ತಾಳ್ಮೆ ಇರಬೇಕು. ಲಾಭ ತರುವ ಟ್ರೇಡರ್‌ಗೆ ‘ಆಗುವುದಿಲ್ಲ’ ಎಂದು ಹೇಳುವ ಗಟ್ಟಿತನವೂ ಬೇಕು.

ಹುಡುಗ ಕೇಳಿದ ಸಂಬಳದ ಪ್ರಶ್ನೆಗೂ ಉತ್ತರ ಹೇಳಿದೆ. ಶುರುವಿನಲ್ಲಿ ಕ್ವಾಂಟ್ ಡೆವಲಪರ್‌ಗೆ ಹೆಚ್ಚು ಸಿಗುತ್ತದೆ, ಆದರೆ ಅಂಥ ಸಂಸ್ಥೆಗಳು ಕಡಿಮೆ, ಹೆಚ್ಚಿನವು ಐಐಟಿಗಳ ಬಾಗಿಲಿಗೇ ಹೋಗುತ್ತವೆ. ಉಳಿದವರು ಪ್ರೋಗ್ರಾಮಿಂಗ್ ಸ್ಪರ್ಧೆ, ತಾವೇ ಕಟ್ಟಿ ತೋರಿಸಿದ ಕೆಲಸ, ಇವುಗಳಿಂದ ಬಾಗಿಲು ತಟ್ಟಬೇಕು. ಟ್ರೇಡರ್‌ನ ಗಳಿಕೆ ಲಾಭದ ಪಾಲಿನ ಮೇಲೆ ನಿಂತಿದೆ. ದಲ್ಲಾಳಿ ಸಂಸ್ಥೆಯಲ್ಲಿ ಡೆರಿವೇಟಿವ್ಸ್ ಡೀಲರ್ ಆಗಿ ಸೇರುವುದಕ್ಕೂ ಎನ್‌ಐಎಸ್‌ಎಂ ಪರೀಕ್ಷೆ ಪಾಸಾಗಿರಬೇಕು. ರಿಸ್ಕ್‌ನಲ್ಲಿ ಸಂಬಳ ನಿಧಾನವಾಗಿ ಏರುತ್ತದೆ. ಆದರೆ ಬೆಂಗಳೂರಿನ ವಿದೇಶಿ ಬ್ಯಾಂಕುಗಳ ಕಚೇರಿಗಳಲ್ಲಿ ನಮ್ಮ ಸಾಮಾನ್ಯ ಕಾಲೇಜುಗಳ ಹುಡುಗ ಹುಡುಗಿಯರಿಗೆ ಅತಿ ಹೆಚ್ಚು ತೆರೆದಿರುವ ಬಾಗಿಲು ಇದೇ. ಎಫ್‌ಆರ್‌ಎಂ ಪರೀಕ್ಷೆಯ ಮೊದಲ ಭಾಗ ಮುಗಿಸಿದ್ದರೆ ಸಂದರ್ಶನದಲ್ಲಿ ಮಾತು ಸುಲಭವಾಗುತ್ತದೆ.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಎದ್ದಿದ್ದರೆ, ಅರ್ಜಿ ಹಾಕುವ ಮೊದಲು ಮೂರು ವಾರ ಮೀಸಲಿಡಿ. ಮೊದಲ ವಾರ, ಕೊಳ್ಳುವ ಮಾರುವ ಆರ್ಡರ್‌ಗಳನ್ನು ಹೊಂದಿಸುವ ಪುಟ್ಟ ಆರ್ಡರ್ ಬುಕ್ ಬರೆಯಿರಿ, ಬೇಕೆಂದೇ ಅದನ್ನು ಕೆಡಿಸಿ ಎಲ್ಲಿ ಒಡೆಯಿತೆಂದು ಹುಡುಕಿ. ಎರಡನೆಯ ವಾರ ಒಂದು ರೂಪಾಯಿಯನ್ನೂ ಹಾಕದೆ, ದಿನವೂ ಪೇಟೆ ತೆರೆಯುವ ಮುಂಚೆ ಏನು ಕೊಳ್ಳುತ್ತೀರಿ, ಏಕೆ, ಎಷ್ಟು ನಷ್ಟಕ್ಕೆ ಹೊರಬರುತ್ತೀರಿ ಎಂದು ವಹಿಯಲ್ಲಿ ಬರೆದಿಡಿ, ಸಂಜೆ ತಿದ್ದದೆ ಓದಿ. ಮೂರನೆಯ ವಾರ ಎನ್‌ಎಸ್‌ಇ ಜಾಲತಾಣದಲ್ಲಿ ಉಚಿತವಾಗಿ ಸಿಗುವ ನಿಫ್ಟಿಯ ಹಳೆಯ ದರಗಳನ್ನು ಇಳಿಸಿಕೊಂಡು ವಾರ್ ಲೆಕ್ಕ ಹಾಕಿ, 250 ದಿನಗಳಲ್ಲಿ ಎಷ್ಟು ಸಲ ಮೀರಿತೆಂದು ಎಣಿಸಿ. ಮೂರರಲ್ಲಿ ಯಾವುದನ್ನು ರಾತ್ರಿ ಹನ್ನೊಂದಾದರೂ ಬಿಟ್ಟು ಏಳಲು ಮನಸ್ಸಾಗಲಿಲ್ಲವೋ, ಮೊದಲ ಅರ್ಜಿಯನ್ನು ಅದಕ್ಕೇ ಹಾಕಿ.