ಕಮೀಯ್‌ಗೆ ಬರೆದ ಶನಿವಾರದ ಕಾಗದ

‘ಫ್ರಾನ್ಸ್‌ನಲ್ಲಿರುವ ನಿಮ್ಮ ಪತ್ರಮಿತ್ರರಿಗೆ ಒಂದು ಪುಟ್ಟ ಪತ್ರ ಬರೆಯಿರಿ. ಸಾಮಾನ್ಯವಾಗಿ ನಿಮ್ಮ ವಾರಾಂತ್ಯ ಹೇಗಿರುತ್ತದೆ ಎಂದು ತಿಳಿಸಿ.’ ಹೊಸದಾಗಿ ಫ್ರೆಂಚ್ ಕಲಿಯುವವರಿಗೆ ಈ ಮನೆಕೆಲಸ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಎ1 ಮಟ್ಟದ ಡೆಲ್ಫ್ ಪರೀಕ್ಷೆಯ ಬರವಣಿಗೆ ಭಾಗದಲ್ಲೂ ಇದೇ ಜಾತಿಯ ಪ್ರಶ್ನೆ ಇರುತ್ತದೆ. ಅಲ್ಲಿ 30 ನಿಮಿಷದಲ್ಲಿ ಒಂದು ಅರ್ಜಿ ನಮೂನೆ ತುಂಬಿ, ಕನಿಷ್ಠ 40 ಪದಗಳ ಸರಳ ಬರಹವೊಂದನ್ನು ಬರೆಯಬೇಕು. ನಲವತ್ತು ಪದ ಎಂದರೆ ಏಳೆಂಟು ವಾಕ್ಯ, ಅಷ್ಟೇ. ಆದರೆ ಕನ್ನಡದಲ್ಲಿ ಯೋಚಿಸುವವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದು ಆ ಏಳೆಂಟು ವಾಕ್ಯಗಳಲ್ಲೇ ಗೊತ್ತಾಗಿಬಿಡುತ್ತದೆ.

ಮೈಸೂರಿನ ಪಿಯುಸಿ ಹುಡುಗಿಯೊಬ್ಬಳು ಈ ಪತ್ರ ಬರೆಯಲು ಕೂತಿದ್ದಾಳೆ ಎಂದುಕೊಳ್ಳೋಣ. ಅವಳ ಮನಸ್ಸಿನಲ್ಲಿರುವುದು ಇಷ್ಟು: ‘ಶನಿವಾರ ಬೆಳಿಗ್ಗೆ ಕಾಲೇಜಿಗೆ ಹೋಗ್ತೀನಿ. ಮಧ್ಯಾಹ್ನ ಅಮ್ಮನ ಜೊತೆ ದೇವರಾಜ ಮಾರುಕಟ್ಟೆಯಲ್ಲಿ ಸಾಮಾನು ತರ್ತೀನಿ. ರಾತ್ರಿ ಎಲ್ಲರೂ ದೋಸೆ ತಿಂತೀವಿ. ಭಾನುವಾರ ಒಂಬತ್ತು ಗಂಟೆಗೆ ಏಳ್ತೀನಿ. ಆಮೇಲೆ ಅಜ್ಜಿ ಮನೆಗೆ ಹೋಗ್ತೀನಿ. ಓದಲ್ಲ!’

ಪತ್ರದ ತಲೆಭಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಲಗಡೆ ಮೇಲೆ ಊರಿನ ಹೆಸರು, ಅಲ್ಪವಿರಾಮ, ‘ಲ’ ಎಂಬ ಪುಟ್ಟ ಪದ, ಆಮೇಲೆ ತಾರೀಖು. ತಿಂಗಳ ಹೆಸರು, ವಾರದ ಹೆಸರು ಎರಡನ್ನೂ ಫ್ರೆಂಚರು ಸಣ್ಣ ಅಕ್ಷರದಲ್ಲೇ ಶುರುಮಾಡುತ್ತಾರೆ. ಇಂಗ್ಲಿಷ್ ಬರೆದು ಪಳಗಿದ ಕೈ ಇಲ್ಲಿ ತಾನಾಗಿ ದೊಡ್ಡಕ್ಷರ ಹಾಕಿಬಿಡುತ್ತದೆ. ನಂತರ ಸಂಬೋಧನೆ. ಕಮೀಯ್ ಎನ್ನುವ ಹೆಸರು ಹುಡುಗನಿಗೂ ಇರುತ್ತದೆ, ಹುಡುಗಿಗೂ ಇರುತ್ತದೆ. ‘ಪ್ರಿಯ’ ಎನ್ನಲು ಇಬ್ಬರಿಗೂ ‘ಶೆರ್’ ಎಂದೇ ಹೇಳುತ್ತಾರೆ, ಆದರೆ ಹುಡುಗಿಗೆ ಬರೆಯುವಾಗ ಕಾಗುಣಿತ ಬೇರೆ, ಕೊನೆಗೊಂದು ಅಕ್ಷರ ಹೆಚ್ಚು. ಕ್ಷೇಮ ಸಮಾಚಾರಕ್ಕೆ ‘ಸಾ ವಾ?’ ಸಾಕು. ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಎಂದು ನಮ್ಮ ಹಿರಿಯರು ಇನ್‌ಲ್ಯಾಂಡ್ ಲೆಟರಿನ ಮೊದಲ ಎರಡು ಸಾಲು ತುಂಬಿಸುತ್ತಿದ್ದ ಕೆಲಸವನ್ನು ಇದು ಎರಡೇ ಪದದಲ್ಲಿ ಮುಗಿಸುತ್ತದೆ.

ನಿಜವಾದ ಪರೀಕ್ಷೆ ಶುರುವಾಗುವುದು ಶನಿವಾರದಿಂದ. ಕನ್ನಡದಲ್ಲಿ ‘ಶನಿವಾರ ಮಾರುಕಟ್ಟೆಗೆ ಹೋಗುತ್ತೇನೆ’ ಎಂದರೆ ಬರುವ ಶನಿವಾರದ ಮಾತೂ ಆದೀತು, ಪ್ರತಿ ಶನಿವಾರದ ರೂಢಿಯೂ ಆದೀತು. ಯಾವುದೆಂದು ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ತೀರಾ ಅಗತ್ಯ ಬಿದ್ದರೆ ‘ಶನಿವಾರ ಶನಿವಾರ’ ಎಂದು ಎರಡು ಸಲ ಹೇಳುತ್ತೇವೆ. ಫ್ರೆಂಚ್‌ನಲ್ಲಿ ಈ ವ್ಯತ್ಯಾಸವನ್ನು ಹೊರುವುದು ಮತ್ತದೇ ‘ಲ’. ಬರೀ ‘ಸಮ್ದಿ’ ಎಂದರೆ ಈ ಶನಿವಾರ, ‘ಲ ಸಮ್ದಿ’ ಎಂದರೆ ಪ್ರತಿ ಶನಿವಾರ. ಹುಡುಗಿ ‘ಲ’ ಬಿಟ್ಟು ಬರೆದರೆ ವಾಕ್ಯವೇನೋ ತಪ್ಪಾಗುವುದಿಲ್ಲ. ಆದರೆ ಅದು ಒಂದೇ ಒಂದು ಶನಿವಾರದ ಕಾರ್ಯಕ್ರಮವಾಗಿಬಿಡುತ್ತದೆ. ಪ್ರಶ್ನೆ ಕೇಳಿದ್ದು ರೂಢಿಯನ್ನು. ವಾಕ್ಯ ಸರಿಯಿದ್ದೂ ಉತ್ತರ ತಪ್ಪುವುದೆಂದರೆ ಇದೇ. ಇಂಗ್ಲಿಷ್ ಮೂಲಕ ಯೋಚಿಸುವವರು ಇನ್ನೊಂದು ಎಡವಟ್ಟು ಮಾಡುತ್ತಾರೆ. ಅಲ್ಲಿನ ‘ಆನ್ ಸ್ಯಾಟರ್ಡೇ’ಯ ‘ಆನ್’ಗೆ ಸಮನಾದ ಪದ ಹುಡುಕಿ ‘ಸ್ಯೂರ್’ ಎಂದು ತಂದು ಅಂಟಿಸುತ್ತಾರೆ. ವಾರದ ಮುಂದೆ ಅಂಥ ಪದವೇ ಬೇಡ.

ಇನ್ನು ಕ್ರಿಯಾಪದ. ನಮ್ಮಲ್ಲಿ ತಿನ್ನುತ್ತೇನೆ, ತಿನ್ನುತ್ತೀಯ, ತಿನ್ನುತ್ತಾರೆ ಎನ್ನುವಾಗ ಯಾರು ಎನ್ನುವುದು ಕ್ರಿಯಾಪದದ ಬಾಲದಲ್ಲೇ ಕೇಳಿಸುತ್ತದೆ. ಹಾಗಾಗಿ ‘ನಾನು’ ಎಂಬುದನ್ನು ಧಾರಾಳವಾಗಿ ಬಿಡುತ್ತೇವೆ. ಫ್ರೆಂಚ್‌ನಲ್ಲಿ ನಾನು ತಿನ್ನುತ್ತೇನೆ, ನೀನು ತಿನ್ನುತ್ತೀಯ, ಅವರು ತಿನ್ನುತ್ತಾರೆ, ಈ ಮೂರಕ್ಕೂ ಕ್ರಿಯಾಪದದ ಉಚ್ಚಾರಣೆ ‘ಮಾಂಜ಼್’ ಒಂದೇ. ಬರೆಯುವಾಗ ಬಾಲ ಬೇರೆ ಬೇರೆ, ಓದುವಾಗ ಆ ಬಾಲದ ಅಕ್ಷರಗಳಿಗೆ ದನಿಯೇ ಇಲ್ಲ. ಆದ್ದರಿಂದ ‘ಜ಼’, ಅಂದರೆ ‘ನಾನು’, ಪ್ರತಿ ವಾಕ್ಯದಲ್ಲೂ ಬರಲೇಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ತಪ್ಪು ಹಿಡಿಯುವ ನಮ್ಮ ಅಭ್ಯಾಸವೂ ಇಲ್ಲಿ ನಡೆಯದು. ಕಿವಿಗೆ ಸರಿಯಾಗಿ ಕೇಳಿಸಿದ ವಾಕ್ಯ ಹಾಳೆಯ ಮೇಲೆ ತಪ್ಪಾಗಿರಬಹುದು. ಪ್ರತಿ ಕ್ರಿಯಾಪದದ ಕೆಳಗೆ ಬೆರಳಿಟ್ಟು, ‘ಇದರ ಕರ್ತೃ ಯಾರು, ಬಾಲ ಯಾವುದು’ ಎಂದು ಕಣ್ಣಿನಿಂದಲೇ ನೋಡಬೇಕು. ದೋಸೆಯ ವಾಕ್ಯದಲ್ಲಿ ಕರ್ತೃ ‘ನೂ’, ಅಂದರೆ ‘ನಾವು’. ಅಲ್ಲಿ ‘ಮಾಂಜ಼ೋಂ’ ಎಂದು ಬಾಲ ಕೇಳಿಸುವುದರಿಂದ ಈ ಕಷ್ಟವಿಲ್ಲ.

ಏಳುವ ವಾಕ್ಯ ಇನ್ನಷ್ಟು ಮೋಜಿನದು. ‘ಜ಼ ಮ ಲೆವ್ ಅ ನವ್ ಅರ್’, ಒಂಬತ್ತಕ್ಕೆ ಏಳುತ್ತೇನೆ. ನಡುವಿನ ‘ಮ’ ಎಂದರೆ ‘ನನ್ನನ್ನು’. ಅದು ಬಿಟ್ಟುಹೋದರೆ ‘ಒಂಬತ್ತಕ್ಕೆ ಎತ್ತುತ್ತೇನೆ’ ಎಂದಾಗುತ್ತದೆ. ಏನನ್ನು ಎತ್ತುತ್ತಾಳೋ ಕಮೀಯ್‌ಗೆ ತಿಳಿಯದು. ಏಳುವುದು, ಎತ್ತುವುದು ಎಂದು ನಮ್ಮಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. ಅಲ್ಲಿ ಒಂದೇ ಕ್ರಿಯಾಪದಕ್ಕೆ ಈ ‘ಮ’ ಸೇರಿಸಿ ಕೆಲಸ ಸಾಗಿಸುತ್ತಾರೆ.

ಹೋಗುವ ಜಾಗಗಳಿಗೂ ಒಂದು ನಿಯಮವಿದೆ. ಮಾರುಕಟ್ಟೆ ಗಂಡುಪದ, ಆದ್ದರಿಂದ ‘ಒ ಮಾರ್ಶೇ’. ಈಜುಕೊಳ ಹೆಣ್ಣುಪದ, ಆದ್ದರಿಂದ ‘ಅ ಲಾ ಪಿಸೀನ್’. ಅಜ್ಜಿಯ ಮನೆಗೆ ಇವೆರಡೂ ಒಪ್ಪುವುದಿಲ್ಲ, ವ್ಯಕ್ತಿಯ ಬಳಿ ಹೋಗುವುದಕ್ಕೆ ‘ಶೇ’ ಎಂಬ ಬೇರೆಯೇ ಪದವಿದೆ. ಅದರೊಳಗೆ ‘ಮನೆ’ಯೂ ಸೇರಿರುವುದರಿಂದ ಮತ್ತೆ ಮನೆ ಎಂದು ಬರೆಯಬೇಕಾಗಿಲ್ಲ. ಹುಡುಗಿಗೆ ಎಚ್ಚರ ಬೇಕಾದದ್ದು ಕಾಲೇಜಿನ ವಿಷಯದಲ್ಲಿ. ಫ್ರಾನ್ಸ್‌ನಲ್ಲಿ ‘ಕೊಲೇಜ಼್’ ಎಂದರೆ ಸುಮಾರು 11ರಿಂದ 15 ವರ್ಷದ ಮಕ್ಕಳ ಶಾಲೆ. ಪಿಯುಸಿ ಹುಡುಗಿ ಹಾಗೆ ಬರೆದರೆ ಓದಿದವರು ಅವಳನ್ನು ಮಾಧ್ಯಮಿಕ ಶಾಲೆಗೆ ಇಳಿಸಿಬಿಡುತ್ತಾರೆ. ಅವಳ ವಯಸ್ಸಿಗೆ ‘ಲಿಸೇ’ ಸರಿ. ‘ಲಿಬ್ರೆರಿ’ಯೂ ಹಾಗೆಯೇ, ಅದು ಪುಸ್ತಕದ ಅಂಗಡಿ. ಗ್ರಂಥಾಲಯಕ್ಕೆ ‘ಬಿಬ್ಲಿಯೊತೆಕ್’ ಎನ್ನಬೇಕು.

ದೋಸೆ ಎಂದು ಬರೆದು ಸುಮ್ಮನಾಗುವುದಕ್ಕಿಂತ ಪಕ್ಕದಲ್ಲಿ ‘ಅಕ್ಕಿಯ ಕ್ರೆಪ್’ ಎಂದು ಸೇರಿಸಿದರೆ ಕಮೀಯ್‌ಗೆ ಒಂದು ಅಂದಾಜು ಸಿಗುತ್ತದೆ. ಉದ್ದಿನಬೇಳೆಯ ಕಥೆ ಮುಂದಿನ ಪತ್ರಕ್ಕಿರಲಿ. ಎ1 ಮಟ್ಟದಲ್ಲಿ ಗೊತ್ತಿರುವ ಪದಗಳಿಗೆ ತಕ್ಕಂತೆ ವಾರಾಂತ್ಯವನ್ನು ಕತ್ತರಿಸಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಎಲ್ಲ ವಾಕ್ಯವೂ ‘ಜ಼’ ಎಂದೇ ಶುರುವಾದರೆ ಓದುವವರಿಗೆ ಬೇಸರ. ‘ಲ ಸ್ವಾರ್’ ಅಂದರೆ ಸಂಜೆ ಹೊತ್ತು, ‘ಆಂಸ್ವಿತ್’ ಅಂದರೆ ಆಮೇಲೆ. ಇಂಥ ಪದಗಳು ವಾಕ್ಯದ ಮುಂದೆ ಬಂದರೆ ಪತ್ರಕ್ಕೊಂದು ನಡಿಗೆ ಬರುತ್ತದೆ. ಪದಗಳನ್ನು ಎಣಿಸುವಾಗ ನಡುವಿನ ಖಾಲಿ ಜಾಗವೇ ಲೆಕ್ಕ. ‘ಲಾಪ್ರೆ-ಮಿದಿ’, ಅಂದರೆ ಮಧ್ಯಾಹ್ನ, ಗೆರೆಯಿಂದ ಕೂಡಿಸಿ ಬರೆಯುವುದರಿಂದ ಒಂದೇ ಪದ. ಹಾಗೆ ಎಣಿಸಿದರೂ ನಮ್ಮ ಹುಡುಗಿಯ ಪತ್ರ ಅರವತ್ತರ ಆಸುಪಾಸಿಗೆ ಬರುತ್ತದೆ.

ಕೊನೆಯಲ್ಲಿ ‘ಬೀಜ಼್’ ಎಂದು ಬರೆಯಲು ಹಲವರಿಗೆ ಸಂಕೋಚ, ಏಕೆಂದರೆ ಅದರ ಅರ್ಥ ಮುತ್ತುಗಳು. ಫ್ರೆಂಚ್ ಗೆಳೆಯರ ನಡುವೆ ಅದು ಮಾಮೂಲಿ ಮುಕ್ತಾಯ. ಮನಸ್ಸು ಒಪ್ಪದಿದ್ದರೆ ‘ಅ ಬ್ಯಾಂತೋ’, ಮತ್ತೆ ಸಿಗೋಣ, ಎನ್ನಬಹುದು. ಮೇಷ್ಟ್ರಿಗೆ ಬರೆಯುವಂಥ ಗಂಭೀರ ಒಕ್ಕಣೆ ಮಾತ್ರ ಬೇಡ, ‘ನೀವು’ ಎಂಬ ‘ವೂ’ ಕೂಡ ಬೇಡ. ಗೆಳೆಯರಿಗೆ ‘ತ್ಯು’, ನೀನು.

ಸಹಿಗೆ ಮೊದಲು ಒಂದು ಪ್ರಶ್ನೆ ಇರಬೇಕು: ‘ಎ ತ್ವಾ?’, ಮತ್ತೆ ನೀನು? ಉತ್ತರ ನಿರೀಕ್ಷಿಸದ ಪತ್ರ ಪತ್ರಮಿತ್ರರದ್ದಲ್ಲ, ವರದಿ. ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಹುಡುಗಿಗೆ ಅಚ್ಚರಿಯೊಂದು ಕಾದಿರಬಹುದು. ಫ್ರಾನ್ಸ್‌ನ ಪ್ರಾಥಮಿಕ ಶಾಲೆಗಳಲ್ಲಿ ಶನಿವಾರ ಬೆಳಗಿನ ಪಾಠ 2008ರಲ್ಲೇ ನಿಂತಿತು. ಅಲ್ಲಿನ ಮಕ್ಕಳಿಗೆ ವಾರದ ನಡುವಿನ ಬಿಡುವು ಬುಧವಾರ, 1972ಕ್ಕೆ ಮೊದಲು ಅದು ಗುರುವಾರವಿತ್ತು. ಬುಧವಾರ ಮಧ್ಯಾಹ್ನ ಆಟಕ್ಕೋ ಸಂಗೀತ ಕಲಿಯಲೋ ಹೋಗುವ ಕಮೀಯ್ ತನ್ನ ಉತ್ತರವನ್ನು ‘ಲ ಮೆರ್ಕ್ರದಿ’ ಎಂದೇ ಶುರುಮಾಡಬಹುದು.