ಎರಡು ಬಗೆಯ ತಪ್ಪುಗಳು: ಔಷಧದ ಪರೀಕ್ಷೆಗೆ ಎಷ್ಟು ಮಂದಿ ರೋಗಿಗಳು ಬೇಕು?

ಹೃದಯದ ಮಾಂಸಖಂಡಕ್ಕೆ ರಕ್ತವನ್ನೊದಗಿಸುವ ಅಪಧಮನಿಯೊಂದರಲ್ಲಿ ರಕ್ತವು ಹೆಪ್ಪುಗಟ್ಟಿ ಹಾದಿ ಮುಚ್ಚಿಹೋದಾಗ ಹೃದಯಾಘಾತವಾಗುತ್ತದೆ. ಹೆಪ್ಪನ್ನು ಕರಗಿಸಬಲ್ಲ ವಸ್ತುವೊಂದನ್ನು ರಕ್ತನಾಳದೊಳಕ್ಕೆ ಸೇರಿಸಿದರೆ ಹಾದಿ ತೆರೆದು ರೋಗಿಯು ಬದುಕಬಹುದಲ್ಲವೆ? ಸ್ಟ್ರೆಪ್ಟೊಕೈನೇಸ್ ಎಂಬುದು ಅಂತಹ ಒಂದು ವಸ್ತು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಗಳಿಂದ ಇದು ದೊರೆಯುತ್ತದೆ. ೧೯೫೯ರಿಂದ ೧೯೮೮ರವರೆಗಿನ ಅವಧಿಯಲ್ಲಿ ಇದನ್ನು ಹೃದಯಾಘಾತಕ್ಕೊಳಗಾದವರಿಗೆ ಕೊಟ್ಟು ನಡೆಸಿದ ಪರೀಕ್ಷೆಗಳ ಸಂಖ್ಯೆ ೩೩. ಅವುಗಳಲ್ಲಿ ಬಹುಪಾಲು ಚಿಕ್ಕವು. ಮೊತ್ತಮೊದಲನೆಯದರಲ್ಲಿ ಇದ್ದವರು ಕೇವಲ ೨೩ ಮಂದಿ. ಈ ಚಿಕ್ಕ ಪರೀಕ್ಷೆಗಳನ್ನು ಒಂದೊಂದಾಗಿ ನೋಡಿದರೆ, ಹೆಚ್ಚಿನವು ಔಷಧದಿಂದ ಪ್ರಯೋಜನವಿದೆಯೆಂದು ಖಚಿತವಾಗಿ ಹೇಳಲಾರದೆ ಹೋದವು. ಆದರೆ ೧೯೮೬ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ‘ಜಿಸ್ಸಿ’ ಎಂಬ ಪರೀಕ್ಷೆಯು ಸಂದೇಹಕ್ಕೆ ಎಡೆಯಿಲ್ಲದಂತೆ ಪ್ರಯೋಜನವನ್ನು ತೋರಿಸಿಕೊಟ್ಟಿತು. ಹಿಂದಿನ ಪರೀಕ್ಷೆಗಳಿಗೂ ಇದಕ್ಕೂ ಇದ್ದ ಮುಖ್ಯ ವ್ಯತ್ಯಾಸವೆಂದರೆ ರೋಗಿಗಳ ಸಂಖ್ಯೆ. ಸಂಖ್ಯೆಯೊಂದೇ ತೀರ್ಪನ್ನು ಹೀಗೆ ಬದಲಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಪರೀಕ್ಷೆಯ ಕ್ರಮವನ್ನು ತಿಳಿಯೋಣ. ರೋಗಿಗಳನ್ನು ಚೀಟಿಯೆತ್ತಿದಂತೆ, ಯಾರ ಇಚ್ಛೆಗೂ ಅವಕಾಶವಿಲ್ಲದ ರೀತಿಯಲ್ಲಿ, ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆಯೊಡನೆ ಹೊಸ ಔಷಧವನ್ನೂ ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆಯನ್ನು ಮಾತ್ರವೂ ಕೊಡುತ್ತಾರೆ. ಇಟಲಿಯ ಪರೀಕ್ಷೆಯಲ್ಲಿ ೫,೮೬೦ ಮಂದಿಗೆ ಒಂದು ಗಂಟೆಯ ಅವಧಿಯಲ್ಲಿ ೧೫ ಲಕ್ಷ ಯೂನಿಟ್ ಸ್ಟ್ರೆಪ್ಟೊಕೈನೇಸನ್ನು ಕೊಡಲಾಯಿತು. ೫,೮೫೨ ಮಂದಿಗೆ ಕೊಡಲಿಲ್ಲ. ಇಪ್ಪತ್ತೊಂದು ದಿನಗಳೊಳಗೆ ಮೊದಲನೆಯ ಗುಂಪಿನಲ್ಲಿ ೬೨೮ ಮಂದಿಯೂ ಎರಡನೆಯದರಲ್ಲಿ ೭೫೮ ಮಂದಿಯೂ ಮರಣ ಹೊಂದಿದರು. ಅಂದರೆ ಔಷಧ ಪಡೆದವರಲ್ಲಿ ನೂರಕ್ಕೆ ೧೦.೭, ಪಡೆಯದವರಲ್ಲಿ ನೂರಕ್ಕೆ ೧೩.

ಔಷಧವು ನಿಷ್ಪ್ರಯೋಜಕವಾಗಿದ್ದರೂ ಎರಡು ಗುಂಪುಗಳ ಮರಣಸಂಖ್ಯೆ ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲ ಎಂಬುದನ್ನು ಗಮನಿಸಬೇಕು. ನಾಣ್ಯವನ್ನು ನೂರು ಸಲ ಚಿಮ್ಮಿದಾಗ ಪ್ರತಿಬಾರಿಯೂ ಸರಿಯಾಗಿ ಐವತ್ತು ತಲೆಗಳು ಬೀಳುವುದಿಲ್ಲವಷ್ಟೆ. ಆದುದರಿಂದ ಕಂಡುಬಂದ ಅಂತರವು ಔಷಧದ ಗುಣದಿಂದ ಬಂದುದೆ, ಕೇವಲ ಆಕಸ್ಮಿಕದಿಂದ ಬಂದುದೆ ಎಂದು ತೀರ್ಮಾನಿಸಬೇಕಾಗುತ್ತದೆ. ಈ ತೀರ್ಮಾನದಲ್ಲಿ ನಾವು ಎರಡು ರೀತಿಯಲ್ಲಿ ತಪ್ಪಬಹುದು. ನಿಷ್ಪ್ರಯೋಜಕವಾದ ಔಷಧವನ್ನು ಗುಣಕಾರಿಯೆಂದು ಸಾರುವುದು ಮೊದಲನೆಯ ಬಗೆಯ ತಪ್ಪು. ಗುಣಕಾರಿಯಾದ ಔಷಧದ ಗುಣವನ್ನು ಕಾಣದೆ ಬಿಡುವುದು ಎರಡನೆಯ ಬಗೆಯ ತಪ್ಪು. ೧೯೨೮ರಿಂದ ೧೯೩೩ರವರೆಗೆ ಜೆರ್ಜಿ ನೇಮನ್ ಮತ್ತು ಎಗನ್ ಪಿಯರ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರು ಈ ಎರಡು ತಪ್ಪುಗಳನ್ನು ಬೇರ್ಪಡಿಸಿ, ಅವುಗಳ ಲೆಕ್ಕಾಚಾರಕ್ಕೆ ತಳಹದಿಯನ್ನು ಹಾಕಿದರು.

ಎರಡು ತಪ್ಪುಗಳ ಬೆಲೆಯೂ ಬೇರೆ ಬೇರೆ. ಸ್ಟ್ರೆಪ್ಟೊಕೈನೇಸ್ ಕೆಲವರಲ್ಲಿ ಅಪಾಯಕರವಾದ ರಕ್ತಸ್ರಾವವನ್ನುಂಟುಮಾಡುತ್ತದೆ. ಪ್ರಯೋಜನವಿಲ್ಲದ ಪಕ್ಷದಲ್ಲಿ ಅದನ್ನು ಕೊಡುವುದು ಹಾನಿಯನ್ನು ಬರಮಾಡಿಕೊಂಡಂತೆ. ಆದರೆ ಪ್ರಯೋಜನವಿದ್ದೂ ಅದನ್ನು ಕೈಬಿಟ್ಟರೆ, ಇಟಲಿಯ ಲೆಕ್ಕದ ಪ್ರಕಾರ ಪ್ರತಿ ಸಾವಿರ ರೋಗಿಗಳಲ್ಲಿ ಸುಮಾರು ೨೩ ಮಂದಿ ಬದುಕಬಹುದಾಗಿದ್ದವರು ಸಾಯುತ್ತಾರೆ. ಈ ಎರಡನೆಯ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಏಕೆಂದರೆ ಯಾರು ಬದುಕಬಹುದಾಗಿತ್ತೆಂದು ಹೆಸರು ಹಿಡಿದು ಹೇಳಲು ಯಾರಿಂದಲೂ ಆಗದು.

ಮೊದಲನೆಯ ತಪ್ಪನ್ನು ಹತೋಟಿಯಲ್ಲಿಡಲು ಪರೀಕ್ಷಕರು ಮುಂಚೆಯೇ ಒಂದು ಗಡಿಯನ್ನು ನಿಗದಿ ಮಾಡಿಕೊಳ್ಳುತ್ತಾರೆ. ಔಷಧವು ನಿಷ್ಪ್ರಯೋಜಕವಾಗಿದ್ದಲ್ಲಿ, ಆಕಸ್ಮಿಕವಾಗಿ ನೂರರಲ್ಲಿ ಐದು ಸಲಕ್ಕಿಂತ ಹೆಚ್ಚಾಗಿ ಕಾಣಬರದಷ್ಟು ದೊಡ್ಡ ಅಂತರ ದೊರೆತರೆ ಮಾತ್ರ ಅದನ್ನು ‘ಗಣನೀಯ’ವೆಂದು ಒಪ್ಪುವುದು ವಾಡಿಕೆ. ಈ ನೂರಕ್ಕೆ ಐದು ಎಂಬುದು ಪ್ರಕೃತಿಯ ನಿಯಮವಲ್ಲ, ನಾವು ಮಾಡಿಕೊಂಡ ಕಟ್ಟಳೆ.

ಈಗ ಚಿಕ್ಕ ಪರೀಕ್ಷೆಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಗುಂಪಿನಲ್ಲಿ ನೂರು ಮಂದಿ ಇರಲಿ. ಔಷಧವು ನಿಜವಾಗಿಯೂ ಮರಣವನ್ನು ನೂರಕ್ಕೆ ೧೩ರಿಂದ ೧೦.೭ಕ್ಕೆ ಇಳಿಸುತ್ತದೆಂದೇ ಇಟ್ಟುಕೊಳ್ಳೋಣ. ಇಷ್ಟು ಚಿಕ್ಕ ಗುಂಪುಗಳಲ್ಲಿ ಎರಡು ಮರಣಪ್ರಮಾಣಗಳ ಅಂತರವು ಕೇವಲ ಆಕಸ್ಮಿಕದಿಂದಲೇ ನೂರಕ್ಕೆ ಸುಮಾರು ೪.೬ರಷ್ಟು ಹಿಂದೆ ಮುಂದೆ ಓಲಾಡುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಈ ಓಲಾಟದ ಅಳತೆಗೆ ಮಾನಕ ದೋಷವೆಂದು ಹೆಸರು. ಅಂತರವು ಇದರ ೧.೯೬ ಪಟ್ಟನ್ನು ದಾಟಿದರೆ ಮಾತ್ರ ಮೇಲೆ ಹೇಳಿದ ಗಡಿಯನ್ನು ದಾಟಿದಂತೆ. ಅಂದರೆ ನೂರಕ್ಕೆ ಸುಮಾರು ೯ರಷ್ಟು ಅಂತರ ಕಾಣಬೇಕು. ನಿಜವಾದ ಅಂತರವಾದರೋ ೨.೩ ಮಾತ್ರ! ಅದೃಷ್ಟವಶಾತ್ ಓಲಾಟವು ನಮಗೆ ಬಹಳ ಅನುಕೂಲವಾಗಿ ಬಿದ್ದರಲ್ಲದೆ ಈ ಪರೀಕ್ಷೆಯು ಔಷಧದ ಗುಣವನ್ನು ಕಾಣಲಾರದು. ಲೆಕ್ಕ ಹಾಕಿದರೆ, ಇಂತಹ ನೂರು ಪರೀಕ್ಷೆಗಳಲ್ಲಿ ಸುಮಾರು ಎಂಟು ಮಾತ್ರ ಗಡಿಯನ್ನು ದಾಟುತ್ತವೆ. ಉಳಿದ ತೊಂಬತ್ತೆರಡು ಎರಡನೆಯ ಬಗೆಯ ತಪ್ಪನ್ನು ಮಾಡುತ್ತವೆ.

ಇರುವ ಗುಣವನ್ನು ಕಂಡುಹಿಡಿಯುವ ಈ ಸಂಭವನೀಯತೆಯನ್ನು ಪರೀಕ್ಷೆಯ ‘ಸಾಮರ್ಥ್ಯ’ ಎಂದು ಕರೆಯೋಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಪವರ್’ ಎನ್ನುತ್ತಾರೆ. ಮೇಲಿನ ಪರೀಕ್ಷೆಯ ಸಾಮರ್ಥ್ಯ ನೂರಕ್ಕೆ ಎಂಟು. ಎರಡನೆಯ ತಪ್ಪಿನ ಸಂಭವನೀಯತೆಯನ್ನು ನೂರರಿಂದ ಕಳೆದರೆ ಉಳಿಯುವುದೇ ಸಾಮರ್ಥ್ಯ. ಯಾವ ಔಷಧಕ್ಕಾದರೂ ಇದು ಒಂದೇ ಎಂದು ತಿಳಿಯಬಾರದು. ನಾವು ಹುಡುಕುತ್ತಿರುವ ಅಂತರ ಎಷ್ಟು ದೊಡ್ಡದು ಎಂಬುದನ್ನು ಅದು ಅವಲಂಬಿಸಿದೆ. ಮರಣವನ್ನು ಬಹುವಾಗಿ ತಗ್ಗಿಸುವ ಔಷಧವಾದರೆ ನೂರು ಮಂದಿಯೇ ಸಾಕಾಗಬಹುದು.

ರೋಗಿಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಏನಾಗುತ್ತದೆ? ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ಹಲವು ಸಲ ತೆಗೆದು ಸರಾಸರಿ ಕಂಡುಹಿಡಿಯುವ ವಿದ್ಯಾರ್ಥಿಗಳಿಗೆ ಇದರ ಉತ್ತರ ಪರಿಚಿತವಾದುದೇ. ಆಕಸ್ಮಿಕದ ಓಲಾಟವು ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಅದನ್ನು ಅರ್ಧಕ್ಕಿಳಿಸಬೇಕಾದರೆ ಸಂಖ್ಯೆಯನ್ನು ನಾಲ್ಕು ಪಟ್ಟು ಮಾಡಬೇಕು. ಪ್ರತಿ ಗುಂಪಿನಲ್ಲಿ ೪೦೦ ಮಂದಿ ಇದ್ದರೆ ಮಾನಕ ದೋಷವು ೨.೩ಕ್ಕಿಳಿದರೂ ಸಾಮರ್ಥ್ಯವು ನೂರಕ್ಕೆ ೧೭ ಮಾತ್ರ. ೧,೬೦೦ ಮಂದಿ ಇದ್ದರೆ ಅದು ೫೨ಕ್ಕೇರುತ್ತದೆ. ಇದೂ ನಾಣ್ಯ ಚಿಮ್ಮಿ ತೀರ್ಮಾನಿಸುವುದಕ್ಕಿಂತ ಅಷ್ಟೇನೂ ಮೇಲಲ್ಲ. ಸಾಮಾನ್ಯವಾಗಿ ಪರೀಕ್ಷಕರು ಬಯಸುವ ನೂರಕ್ಕೆ ೮೦ರ ಸಾಮರ್ಥ್ಯಕ್ಕೆ ಪ್ರತಿ ಗುಂಪಿನಲ್ಲಿ ಸುಮಾರು ೩,೧೦೦ ಮಂದಿ ಬೇಕು. ಇಟಲಿಯ ಪರೀಕ್ಷೆಯಷ್ಟು ದೊಡ್ಡ ಗುಂಪುಗಳಿದ್ದರೆ ಮಾನಕ ದೋಷವು ೦.೬ಕ್ಕೆ ಕುಗ್ಗಿ, ಸಾಮರ್ಥ್ಯವು ನೂರಕ್ಕೆ ೯೭ಕ್ಕೆ ಮುಟ್ಟುತ್ತದೆ. ಔಷಧದ ಗುಣ ಮೊದಲಿನಷ್ಟೇ ಇದೆ. ಅದನ್ನು ಮರೆಮಾಡಿದ್ದ ಓಲಾಟ ಮಾತ್ರ ತಗ್ಗಿದೆ.

ಇಲ್ಲಿ ಅನೇಕರು ಎಡವುವ ಒಂದು ಸ್ಥಳವಿದೆ. ರೋಗಿಗಳ ಸಂಖ್ಯೆ ಹೆಚ್ಚಿದಂತೆ ಎರಡು ತಪ್ಪುಗಳೂ ಕಡಿಮೆಯಾಗುತ್ತವೆಂದು ಅವರು ಭಾವಿಸುತ್ತಾರೆ. ಹಾಗಲ್ಲ. ಮೊದಲನೆಯ ತಪ್ಪನ್ನು ನೂರಕ್ಕೆ ಐದೆಂದು ನಾವೇ ನಿಗದಿ ಮಾಡಿದ್ದೇವೆ. ಗುಂಪಿನಲ್ಲಿ ನೂರು ಮಂದಿ ಇರಲಿ, ಆರು ಸಾವಿರ ಮಂದಿ ಇರಲಿ, ನಿಷ್ಪ್ರಯೋಜಕವಾದ ಔಷಧವು ನೂರರಲ್ಲಿ ಐದು ಸಲ ಗಡಿಯನ್ನು ದಾಟಿಯೇ ದಾಟುತ್ತದೆ. ಅದನ್ನು ಕಡಿಮೆ ಮಾಡಬೇಕಾದರೆ ಗಡಿಯನ್ನೇ ಬಿಗಿಗೊಳಿಸಬೇಕು. ಆದರೆ ಗಡಿಯನ್ನು ನೂರಕ್ಕೆ ಒಂದಕ್ಕೆ ಬಿಗಿಗೊಳಿಸಿದರೆ, ೧,೬೦೦ ಮಂದಿಯ ಗುಂಪುಗಳ ಪರೀಕ್ಷೆಯ ಸಾಮರ್ಥ್ಯವು ೫೨ರಿಂದ ೨೯ಕ್ಕೆ ಕುಸಿಯುತ್ತದೆ. ಒಂದು ತಪ್ಪನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ, ತಕ್ಕಡಿಯ ಎರಡು ತಟ್ಟೆಗಳಂತೆ. ಇಟಲಿಯ ಪರೀಕ್ಷೆಯಷ್ಟು ಮಂದಿ ಇದ್ದರೆ ಮಾತ್ರ, ಗಡಿಯನ್ನು ಹಾಗೆ ಬಿಗಿಗೊಳಿಸಿದ ಮೇಲೂ ನೂರಕ್ಕೆ ೯೦ರಷ್ಟು ಸಾಮರ್ಥ್ಯ ಉಳಿಯುತ್ತದೆ. ಎರಡು ತಪ್ಪುಗಳನ್ನೂ ಒಟ್ಟಿಗೆ ತಗ್ಗಿಸಬೇಕಾದರೆ, ಗಡಿಯನ್ನು ಬಿಗಿಗೊಳಿಸಿ ಸಂಖ್ಯೆಯನ್ನೂ ಹೆಚ್ಚಿಸಬೇಕು.

ದೊಡ್ಡ ಸಂಖ್ಯೆಯು ಮೊದಲನೆಯ ತಪ್ಪಿಗೆ ರಕ್ಷಾಕವಚವಲ್ಲ ಎಂಬುದಕ್ಕೆ ೧೯೮೮ರಲ್ಲಿ ಪ್ರಕಟವಾದ ‘ಐಸಿಸ್-೨’ ಎಂಬ ಪರೀಕ್ಷೆಯಲ್ಲಿ ವಿನೋದಕರವಾದ ನಿದರ್ಶನವಿದೆ. ಅದರಲ್ಲಿ ೧೭,೧೮೭ ರೋಗಿಗಳಿದ್ದರು. ಸ್ಟ್ರೆಪ್ಟೊಕೈನೇಸಿನೊಡನೆ ಆಸ್ಪಿರಿನ್ನನ್ನೂ ಪರೀಕ್ಷಿಸಲಾಯಿತು. ಒಟ್ಟು ರೋಗಿಗಳಲ್ಲಿ ಆಸ್ಪಿರಿನ್ ಮರಣವನ್ನು ತಗ್ಗಿಸಿದುದು ಸ್ಪಷ್ಟವಾಗಿತ್ತು. ಆದರೆ ರೋಗಿಗಳನ್ನು ಜನ್ಮರಾಶಿಗನುಸಾರವಾಗಿ ವಿಂಗಡಿಸಿ ನೋಡಿದಾಗ, ಮಿಥುನ ಮತ್ತು ತುಲಾ ರಾಶಿಗಳವರಿಗೆ ಆಸ್ಪಿರಿನ್ ಸ್ವಲ್ಪ ಹಾನಿಕರವೆಂಬಂತೆ ಕಂಡಿತು! ಪರೀಕ್ಷಕರು ಇದನ್ನು ಪ್ರಕಟಿಸಿದುದು ಜ್ಯೋತಿಷ್ಯದಲ್ಲಿ ನಂಬಿಕೆಯಿಟ್ಟಲ್ಲ, ಎಚ್ಚರಿಕೆ ನೀಡುವುದಕ್ಕಾಗಿ. ಗುಂಪನ್ನು ತುಂಡು ಮಾಡಿದಂತೆಲ್ಲ ಪ್ರತಿ ತುಂಡೂ ಚಿಕ್ಕ ಪರೀಕ್ಷೆಯಾಗಿ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಜೊತೆಗೆ, ಹೆಚ್ಚು ಸಲ ಹುಡುಕಿದಷ್ಟೂ ಆಕಸ್ಮಿಕವು ಗಡಿಯನ್ನು ದಾಟುವ ಅವಕಾಶ ಹೆಚ್ಚುತ್ತದೆ. ನಿಷ್ಪ್ರಯೋಜಕವಾದ ಔಷಧವನ್ನು ಹನ್ನೆರಡು ರಾಶಿಗಳಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಿದರೆ, ಎಲ್ಲಾದರೂ ಒಂದು ರಾಶಿಯಲ್ಲಿ ‘ಗಣನೀಯ’ ಅಂತರ ಕಾಣುವ ಸಂಭವನೀಯತೆ ನೂರಕ್ಕೆ ಐದಲ್ಲ, ಸುಮಾರು ೪೬. ಆದುದರಿಂದಲೇ ಯಾವ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತೇವೆಂಬುದನ್ನು ಪರೀಕ್ಷೆಯ ಆರಂಭಕ್ಕೆ ಮುಂಚೆಯೇ ಬರೆದಿಡುವುದು ಅವಶ್ಯ.

ಇನ್ನು ಸ್ಟ್ರೆಪ್ಟೊಕೈನೇಸಿನ ಆ ಚಿಕ್ಕ ಪರೀಕ್ಷೆಗಳ ಮಾತು. ೧೯೯೨ರಲ್ಲಿ ಅಮೆರಿಕದ ಸಂಶೋಧಕರು ಅವನ್ನು ಕಾಲಾನುಕ್ರಮದಲ್ಲಿ ಒಂದಕ್ಕೊಂದು ಕೂಡಿಸುತ್ತ ಬಂದು ಲೆಕ್ಕ ಹಾಕಿದರು. ೧೯೭೩ರ ವೇಳೆಗೆ ನಡೆದಿದ್ದ ಎಂಟು ಪರೀಕ್ಷೆಗಳ ೨,೪೩೨ ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ್ದರೆ, ಔಷಧದ ಪ್ರಯೋಜನವು ಆಗಲೇ ಗಡಿಯನ್ನು ದಾಟಿ ಕಾಣುತ್ತಿತ್ತೆಂದು ತಿಳಿದುಬಂದಿತು. ಬಿಡಿಬಿಡಿಯಾಗಿ ಕಾಣದಿದ್ದುದು ಒಟ್ಟಿನಲ್ಲಿ ಕಾಣುವಂತಿತ್ತು, ಒಟ್ಟುಗೂಡಿಸಿ ನೋಡಿದವರಿರಲಿಲ್ಲ. ಇಟಲಿಯ ಪರೀಕ್ಷೆಯ ಫಲಿತಾಂಶ ಬರುವ ವೇಳೆಗೆ ಇನ್ನೂ ಹದಿಮೂರು ವರ್ಷಗಳು ಸಂದಿದ್ದವು.

ಈ ವಿಚಾರದಿಂದ ವಾಚಕರು ಪತ್ರಿಕೆಯನ್ನೋದುವಾಗ ಉಪಯೋಗಿಸಬಹುದಾದ ಒಂದು ಪ್ರಶ್ನೆ ದೊರೆಯುತ್ತದೆ. ‘ಇಂತಹ ಔಷಧದಿಂದ ಗಣನೀಯ ಪ್ರಯೋಜನ ಕಂಡುಬರಲಿಲ್ಲ’ ಎಂಬ ಸುದ್ದಿಯನ್ನು ಕಂಡರೆ, ಪ್ರಯೋಜನವಿಲ್ಲವೆಂದೇ ಅದರ ಅರ್ಥವೆಂದು ಭಾವಿಸಬೇಡಿ. ಪರೀಕ್ಷೆಯಲ್ಲಿ ಎಷ್ಟು ಮಂದಿ ಇದ್ದರು, ಎಷ್ಟು ದೊಡ್ಡ ಅಂತರವಿದ್ದಿದ್ದರೆ ಅಷ್ಟು ಮಂದಿಯಲ್ಲಿ ಅದು ಕಾಣುತ್ತಿತ್ತು ಎಂದು ಕೇಳಿರಿ. ಗುಂಪಿಗೆ ನೂರು ಮಂದಿಯ ಪರೀಕ್ಷೆಯೊಂದು ನೂರಕ್ಕೆ ಎರಡರ ಅಂತರವನ್ನು ಕಾಣಲಿಲ್ಲವೆಂದರೆ, ಅದರಿಂದ ತಿಳಿಯುವುದು ಔಷಧದ ಗುಣವಲ್ಲ, ಪರೀಕ್ಷೆಯ ಅಳತೆ.